ಗೆದ್ದವರಾರು ಎನ್ನುವ ಮೊದಲು ತಲೆ ಎಣಿಸಿ

ಸ್ಪ್ಲಿಟ್ ಟೆಸ್ಟಿನ ಎಕ್ಸ್‌ಪೋರ್ಟ್ ಫೈಲ್ ಬಂದ ಕೂಡಲೇ ಎಲ್ಲರೂ ಹುಡುಕುವುದು ಯಾವ ಗುಂಪಿನವರು ಹೆಚ್ಚು ಕೊಂಡರು ಎಂಬುದನ್ನು. ನಾನು ಆ ಕಾಲಮ್ಮನ್ನು ಕೊನೆಗೆ ನೋಡುತ್ತೇನೆ. ಅದಕ್ಕೂ ಮೊದಲು ಎರಡು ಸಂಗತಿ ತಿಳಿಯಬೇಕು. ಒಬ್ಬರೇ ಎರಡೂ ಗುಂಪಿನಲ್ಲಿ ಸೇರಿಕೊಂಡಿದ್ದಾರೆಯೇ? ಅಂದುಕೊಂಡ ಪ್ರಮಾಣದಲ್ಲೇ ಜನ ಹಂಚಿಹೋಗಿದ್ದಾರೆಯೇ?

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಆನ್‌ಲೈನ್ ಅಂಗಡಿಯೊಂದು ಹಣ ಪಾವತಿಸುವ ಪುಟವನ್ನು ಬದಲಿಸಿದೆ. ಎ ಗುಂಪಿಗೆ ಹಳೆಯ ಪುಟ, ಬಿ ಗುಂಪಿಗೆ ಹೊಸದು, ಹಂಚಿಕೆ ಅರ್ಧಕ್ಕೆ ಅರ್ಧ. ಫೈಲಿನಲ್ಲಿ ಪ್ರತಿ ಭೇಟಿಗೂ ಒಂದು ಸಾಲು ಇರುವುದರಿಂದ ಹತ್ತು ಸಲ ಬಂದವರು ಹತ್ತು ಸಾಲು ತುಂಬಿರುತ್ತಾರೆ. ಹಂಚಿದ್ದು ಜನರನ್ನು, ಹಾಗಾಗಿ ಎಣಿಸಬೇಕಾದದ್ದೂ ಜನರನ್ನೇ. ಎರಡೂ ಕಡೆ ಇರುವವರನ್ನು ಹೀಗೆ ಹೆಕ್ಕಬಹುದು:

```sql
SELECT user_id
FROM ab_export
GROUP BY user_id
HAVING COUNT(DISTINCT variant) > 1;
```

310 ಐಡಿ ಸಿಕ್ಕವು ಎನ್ನಿ. ತಕ್ಷಣ ಅಳಿಸಬೇಡಿ, ಮೊದಲು ಐಡಿಗಳನ್ನೇ ಪರೀಕ್ಷಿಸಿ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನಷ್ಟೇ ಉಳಿಸಿಕೊಳ್ಳುತ್ತದೆ. 18 ಅಂಕಿಯ ಐಡಿ ಇರುವ ಫೈಲನ್ನು ಅದರಲ್ಲಿ ತೆರೆದು ಸೇವ್ ಮಾಡಿದರೆ ಕೊನೆಯ ಮೂರು ಅಂಕಿ ಸೊನ್ನೆಯಾಗಿ, ಬೇರೆ ಬೇರೆ ಗ್ರಾಹಕರು ಒಬ್ಬರೇ ಆಗಿಬಿಡುತ್ತಾರೆ. ಐಡಿ ಕಾಲಮ್ಮನ್ನು ಪಠ್ಯವಾಗಿ ಓದಿಸಿದರೆ ಈ ತೊಂದರೆ ಇಲ್ಲ.

ಐಡಿ ಸರಿಯಿದ್ದರೆ, ಆ 310 ಜನ ಮೊದಲ ಸಲ ಎರಡನೇ ಗುಂಪಿನಲ್ಲಿ ಕಂಡ ದಿನಾಂಕ ನೋಡಿ. ಎಲ್ಲವೂ ಒಂದೇ ದಿನದ ನಂತರ ಶುರುವಾಗಿದ್ದರೆ, ಅಂದು ಯಾರೋ ಹಂಚಿಕೆಯ ಸೆಟ್ಟಿಂಗ್ ಬದಲಿಸಿ, ಇದ್ದವರನ್ನೇ ಮತ್ತೆ ಹಂಚಿದ್ದಾರೆ ಎಂದು ಅನುಮಾನಿಸಬೇಕು. ದಿನಾಂಕಗಳು ಚದುರಿದ್ದರೆ ಕಾರಣ ಸಾಮಾನ್ಯವಾಗಿ ಕುಕಿ. ಲಾಗಿನ್ ಆಗುವ ಮುನ್ನ ಫೋನಿನಲ್ಲಿ ಎ, ಲ್ಯಾಪ್‌ಟಾಪಿನಲ್ಲಿ ಬಿ ನೋಡಿದವರು, ಆಮೇಲೆ ಲಾಗಿನ್ ಆದಾಗ ಒಂದೇ ಐಡಿಯ ಕೆಳಗೆ ಬರುತ್ತಾರೆ. ಸುಮಾರು ಒಂದು ಲಕ್ಷ ಜನರಲ್ಲಿ 310 ಎಂದರೆ ಕಡಿಮೆಯೇ. ಅವರನ್ನು ಎರಡೂ ಕಡೆಯಿಂದ ಕೈಬಿಡಬಹುದು, ಆದರೆ ವರದಿಯಲ್ಲಿ ಬರೆಯಲೇಬೇಕು. ಹೀಗೆ ಸಿಕ್ಕಿಬೀಳುವವರು ಪದೇ ಪದೇ ಬರುವ ಗ್ರಾಹಕರು, ಹೆಚ್ಚು ಕೊಳ್ಳುವವರೂ ಅವರೇ ಇರಬಹುದು.

ಈಗ ಉಳಿದವರು ಎ ಗುಂಪಿನಲ್ಲಿ 50,600, ಬಿ ಗುಂಪಿನಲ್ಲಿ 49,400. ಶೇ 50.6 ನೋಡಿ ಯಾರೂ ಹುಬ್ಬೇರಿಸುವುದಿಲ್ಲ. ಸಾವಿರ ಜನರಲ್ಲಿ 506 ಮತ್ತು 494 ಬಂದಿದ್ದರೆ ಅದು ಆಕಸ್ಮಿಕವೇ. ಲಕ್ಷ ಜನರಲ್ಲಿ ಹಾಗಲ್ಲ. ಎರಡು ಕಡೆಯೂ 50,000 ನಿರೀಕ್ಷಿತ, ವ್ಯತ್ಯಾಸ 600. ವ್ಯತ್ಯಾಸದ ವರ್ಗವನ್ನು ನಿರೀಕ್ಷಿತ ಸಂಖ್ಯೆಯಿಂದ ಭಾಗಿಸಿ, ಎರಡೂ ಗುಂಪಿನದ್ದನ್ನು ಕೂಡಿದರೆ ಕೈ-ಸ್ಕ್ವೇರ್ ಬೆಲೆ 14.4.

```python
from scipy.stats import chisquare
chisquare([50600, 49400])
```

ಪಿ-ಬೆಲೆ ಸುಮಾರು 0.00015. ಹಂಚಿಕೆ ಸರಿಯಾಗಿಯೇ ಇದ್ದಿದ್ದರೆ ಇಷ್ಟು ಅಥವಾ ಇದಕ್ಕೂ ಹೆಚ್ಚಿನ ಓರೆ ಹತ್ತು ಸಾವಿರ ಪರೀಕ್ಷೆಗಳಲ್ಲಿ ಒಂದೆರಡರಲ್ಲಿ ಮಾತ್ರ ಕಂಡೀತು. ಈ ತಪಾಸಣೆಗೆ 0.05ರ ಗೆರೆ ತೀರಾ ಸಡಿಲ, ಸುಳ್ಳು ಎಚ್ಚರಿಕೆಗಳೇ ಹೆಚ್ಚಾಗುತ್ತವೆ. 0.001ಕ್ಕಿಂತ ಕೆಳಗಿಳಿದರೆ ನಾನು ಫಲಿತಾಂಶವನ್ನು ಅಲ್ಲಿಗೇ ನಿಲ್ಲಿಸುತ್ತೇನೆ. ಇದು ಅಪರೂಪದ ಕಾಯಿಲೆಯೂ ಅಲ್ಲ: ಮೈಕ್ರೋಸಾಫ್ಟ್‌ನ ಪ್ರಯೋಗಗಳಲ್ಲಿ ಸುಮಾರು ಶೇ 6ರಲ್ಲಿ ಇಂಥ ಓರೆ ಇತ್ತೆಂದು 2019ರ ಪ್ರಬಂಧವೊಂದು ದಾಖಲಿಸಿದೆ.

ಮುಂದಿನ ಕೆಲಸ ಓರೆ ಎಲ್ಲಿದೆ ಎಂದು ಪತ್ತೆಮಾಡುವುದು. ಸಾಧನವಾರು ಬೇರ್ಪಡಿಸಿದಾಗ ಐಫೋನ್ ಮತ್ತು ಕಂಪ್ಯೂಟರ್ ಬಳಕೆದಾರರು 30,050 ಮತ್ತು 29,950, ಅಲ್ಲಿ ತಕರಾರಿಲ್ಲ. ಆಂಡ್ರಾಯ್ಡ್‌ನಲ್ಲಿ 20,550 ಮತ್ತು 19,450. ಓರೆಯ ಬಹುಪಾಲು ಅಲ್ಲೇ ಇದೆ. ವಿಚಾರಿಸಿದರೆ, ಪುಟ ಪೂರ್ತಿ ತೆರೆದ ಮೇಲಷ್ಟೇ ಗ್ರಾಹಕರ ಹೆಸರು ದಾಖಲಾಗುತ್ತಿತ್ತು, ಹೊಸ ಪುಟವೋ ಹಳೆಯದಕ್ಕಿಂತ ಭಾರ. ಕಡಿಮೆ ಬೆಲೆಯ ಫೋನು, ನಿಧಾನದ ನೆಟ್‌ವರ್ಕ್ ಇದ್ದವರು ಕಾದು ಬೇಸತ್ತು ಹೊರಟುಹೋದರು, ಬಿ ಗುಂಪಿನ ಲೆಕ್ಕಕ್ಕೇ ಬರಲಿಲ್ಲ.

ಇನ್ನು ಖರೀದಿಯ ಕಾಲಮ್ ತೆರೆಯೋಣ. ಎ ಗುಂಪಿನಲ್ಲಿ ಕೊಂಡವರು 2,530, ಅಂದರೆ ಶೇ 5.00. ಬಿ ಗುಂಪಿನಲ್ಲಿ 2,520, ಅಂದರೆ ಶೇ 5.10. ಹೊಸ ಪುಟ ಮುಂದಿದೆ ಎಂದು ಘೋಷಿಸಲು ಆತುರ ಹುಟ್ಟಿಸುವ ಅಂಕಿ ಇದು. ಆದರೆ ಎ ಗುಂಪಿಗೆ ಹೋಲಿಸಿದರೆ ಬಿ ಗುಂಪಿನಲ್ಲಿ 1,200 ಜನ ಕಡಿಮೆ. ಅವರು ಏನೂ ಕೊಳ್ಳದೆ ಹೋದವರೆಂದು ಸೇರಿಸಿದರೆ ಬಿ ಶೇ 4.98ಕ್ಕೆ ಇಳಿಯುತ್ತದೆ, ಮುನ್ನಡೆ ಕರಗಿಹೋಗುತ್ತದೆ.

ಎ ಗುಂಪಿನಿಂದ ಯಾರೆಂದು ನೋಡದೆ 1,200 ಜನರನ್ನು ತೆಗೆದು ಸಮಮಾಡಿದರೆ ಇದು ಸರಿಹೋಗದು. ಬಿ ಕಳೆದುಕೊಂಡದ್ದು ಯಾರೋ 1,200 ಜನರನ್ನಲ್ಲ, ನಿಧಾನದ ಫೋನಿನವರನ್ನು. ಮಾಡಬೇಕಾದ್ದು ಇಷ್ಟು: ಪುಟ ತೆರೆಯುವ ಮೊದಲೇ, ಗುಂಪು ನಿಗದಿಯಾದ ಕ್ಷಣದಲ್ಲೇ ಸರ್ವರ್‌ನಲ್ಲಿ ಹೆಸರು ಬರೆಯಿಸಿ, ಟೆಸ್ಟನ್ನು ಹೊಸದಾಗಿ ನಡೆಸಿ. ಹಳೆಯ ಫೈಲ್ ಹೇಳಬಲ್ಲದ್ದು ಹೊಸ ಪುಟ ಯಾರನ್ನು ಓಡಿಸಿತು ಎಂಬುದನ್ನು. ಎಷ್ಟು ಮಾರಿತು ಎಂಬುದನ್ನಲ್ಲ.