ಏಳು ಹಂತದ ಫಿಲ್ಟರು, ಬೋರಿನ ಗಡಸು ನೀರು

ಮಸಗುಪ್ಪಿಯಂಥ ಘಟಪ್ರಭೆಯ ಸೀಮೆಯ ಊರುಗಳಲ್ಲಿ ಬೋರಿನ ಸವಳು ನೀರಿಗೆ ಬೇಳೆ ಬೇಯದು, ಸಾಬೂನು ನೊರೆ ಬಿಡದು. ಇಂಥ ನೀರಿಗೆ ‘ಏಳು ಹಂತ’ದ ಯಂತ್ರವೇ ಮದ್ದು ಎಂಬ ಖ್ಯಾತಿಗೆ ಆಧಾರವಿಲ್ಲ. ಗಡಸುತನ ಎಂದರೆ ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ. ಸೆರಾಮಿಕ್ ಕ್ಯಾಂಡಲ್ಲು ರಾಡಿಯನ್ನು ತಡೆಯುತ್ತದೆ, ಕರಗಿದ್ದನ್ನಲ್ಲ. ಸಕ್ರಿಯ ಇಂಗಾಲವನ್ನು ಮುಖ್ಯವಾಗಿ ಕ್ಲೋರಿನ್, ವಾಸನೆಗಳನ್ನು ಹೀರಲು ಇಡುತ್ತಾರೆ. ಕ್ಲೋರಿನ್ ಆರ್‌ಓ ಪೊರೆಯನ್ನು ಕೆಡಿಸುತ್ತದೆ. ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕುವ ಊರಲ್ಲಿ ಇಂಗಾಲ ಬೇಕೇ ಬೇಕು. ಬೋರಿನಿಂದ ನೇರ ಬರುವ ನೀರಿನಲ್ಲಿ ಕ್ಲೋರಿನ್ನೇ ಇಲ್ಲ. ಅಲ್ಲಿ ವರ್ಷಗಟ್ಟಲೆ ಬದಲಿಸದ ಇಂಗಾಲ ಬ್ಯಾಕ್ಟೀರಿಯಾಗಳ ಮನೆಯಾಗುತ್ತದೆ.

ಉಳಿಯುವುದು ಆರ್‌ಓ ಪೊರೆ. ನಿಜವಾದ ಪರೀಕ್ಷೆ ಇಲ್ಲಿದೆ, ವಿಮರ್ಶಕರು ನೋಡದೆ ದಾಟುವುದೂ ಇದನ್ನೇ. ಗಡಸುತನ ಲೀಟರಿಗೆ 600 ಮಿಲಿಗ್ರಾಂ ಎಂದಿಟ್ಟುಕೊಳ್ಳೋಣ. ಭಾರತೀಯ ಮಾನಕ 10500ರಲ್ಲಿ ಬೇರೆ ನೀರಿಲ್ಲದಾಗ ಸಹಿಸಬಹುದಾದ ಕೊನೆಯ ಮಿತಿ ಅದು, ಸ್ವೀಕಾರಾರ್ಹ ಮಟ್ಟ 200. ನಾಲ್ಕು ಲೀಟರಿನಲ್ಲಿ ಒಂದು ಲೀಟರು ಶುದ್ಧವಾಗಿ ಬಂದರೆ ಉಳಿದ ಮೂರು ಲೀಟರಿನ ಗಡಸುತನ ಸುಮಾರು 800. ‘ನೀರು ಪೋಲು’ ಎಂದು ತ್ಯಾಜ್ಯದ ಕೊಳವೆ ಬಿಗಿಮಾಡಿ ಅರ್ಧರ್ಧ ಮಾಡಿದರೆ ಅದು ಸುಮಾರು 1200ಕ್ಕೆ ಏರುತ್ತದೆ. ಆಗ ಸುಣ್ಣ ಪೊರೆಯ ಮೇಲೇ ಕಟ್ಟತೊಡಗುತ್ತದೆ. ಮೊದಲು ಶುದ್ಧ ನೀರಿನ ಧಾರೆ ಸಣ್ಣಗಾಗುತ್ತದೆ, ಬಳಿಕ ಅದರ ಟಿಡಿಎಸ್ ಏರುತ್ತದೆ. ಜನ ಮೊದಲು ಇಂಗಾಲವನ್ನು ಬದಲಿಸುತ್ತಾರೆ; ಕೆಟ್ಟಿರುವುದು ಪೊರೆ.

ಟಿಡಿಎಸ್ ಮೀಟರನ್ನೇ ನಂಬಿ ತೀರ್ಪು ಕೊಡುವವರೊಡನೆ ನನ್ನ ತಕರಾರು ಇರುವುದೂ ಇಲ್ಲೇ. ಆ ಮೀಟರು ಗಡಸುತನವನ್ನು ಹೇಳುವುದಿಲ್ಲ. ಉಪ್ಪಿನಿಂದ ಚೇತರಿಸುವ ರಾಳದ ಸಾಫ್ಟನರ್ ಕ್ಯಾಲ್ಸಿಯಂ ತೆಗೆದು ಸೋಡಿಯಂ ಬಿಡುತ್ತದೆ. ಮೀಟರಿನ ಅಂಕಿ ಹೆಚ್ಚೇನೂ ಬದಲಾಗದು, ಸಾಬೂನು ಮಾತ್ರ ನೊರೆಗಟ್ಟುತ್ತದೆ. ಇನ್ನು ಕೆಲವರು ಹಸಿರು ನ್ಯಾಯಮಂಡಳಿಯ 2019ರ ಆದೇಶವನ್ನು ಮುಂದಿಟ್ಟು ಆರ್‌ಓವನ್ನೇ ತಳ್ಳಿಹಾಕುತ್ತಾರೆ. ಆ ಆದೇಶ ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ನೀರಿನ ಕುರಿತದ್ದು. ಗಡಸುತನವೇ 600 ಇರುವ ನೀರಿನ ಟಿಡಿಎಸ್ ಅದರೊಳಗೆ ಇರಲಾರದು. ಆ ವಾದ ಮಲೆನಾಡಿಗೆ ಸರಿ, ಈ ಸೀಮೆಗೆ ಅಲ್ಲ.

ಆದ್ದರಿಂದ ಯಂತ್ರ ಕೊಳ್ಳುವ ಮೊದಲು ಪ್ರಯೋಗಾಲಯದಲ್ಲಿ ಗಡಸುತನ, ನೈಟ್ರೇಟ್, ಫ್ಲೋರೈಡ್ ಮೂರನ್ನೂ ಅಳೆಸಬೇಕು. ಕುದಿಸಿದಾಗ ಎಷ್ಟು ಸುಣ್ಣ ತಳಕ್ಕೆ ಕೂರುತ್ತದೆ ಎಂಬುದೂ ಉಪಯುಕ್ತ ಸುಳಿವು: ಕೂರುವ ಭಾಗವೇ ಪೊರೆಯ ಮೇಲೆ ಬೇಗ ಕಟ್ಟುವುದು. ಗಡಸುತನ 600ರ ಮಟ್ಟದ್ದಾದರೆ ಪೊರೆಯ ಮುಂದೆ ಸಾಫ್ಟನರ್ ಇಡಬೇಕು. ಅದು ಬಿಟ್ಟ ಸೋಡಿಯಂ ಬಹುಮಟ್ಟಿಗೆ ಪೊರೆಯನ್ನು ದಾಟದೆ ತ್ಯಾಜ್ಯಕ್ಕೆ ಹೋಗುತ್ತದೆ. ಸೋಡಿಯಂ ತುಂಬಿದ ಆ ತ್ಯಾಜ್ಯವನ್ನು ಎರಿ ಹೊಲಕ್ಕೆ ಹರಿಸಬಾರದು, ಮಣ್ಣು ಗಟ್ಟಿಯಾಗುತ್ತದೆ. ಅಡುಗೆ, ಕುಡಿಯುವುದಕ್ಕೆ ಮಾತ್ರ ಪೊರೆಯ ನೀರು ಸಾಕು. ಸ್ನಾನ, ಬಟ್ಟೆಗೆ ಸಾಫ್ಟನರ್ ನೀರೇ ಹೆಚ್ಚು.