ಹಟ್ಟಿಯ ಕರಿಕಲ್ಲು, ಕಿಲ್ಲಾರಿಯ ನಡುಕ

ಪರೀಕ್ಷೆ ಹತ್ತಿರ ಬಂತೆಂದರೆ ಭೂವಿಜ್ಞಾನದ ಪಾಠ ಒಂದು ಪುಟದ ಸಾರಾಂಶಕ್ಕೆ ಇಳಿಯುತ್ತದೆ. ಭೂಮಿಯ ಹೊರಚಿಪ್ಪು ಹಲವು ಫಲಕಗಳಾಗಿ ಒಡೆದಿದೆ. ಫಲಕಗಳು ಕೆಲವೆಡೆ ದೂರ ಸರಿಯುತ್ತವೆ, ಕೆಲವೆಡೆ ಎದುರುಬದುರಾಗಿ ಒತ್ತುತ್ತವೆ, ಕೆಲವೆಡೆ ಒಂದನ್ನೊಂದು ಉಜ್ಜಿಕೊಂಡು ಹೋಗುತ್ತವೆ. ಭೂಕಂಪ, ಜ್ವಾಲಾಮುಖಿಗಳಲ್ಲಿ ಹೆಚ್ಚಿನವು ಈ ಅಂಚುಗಳ ಮೇಲೆ. ಉದಾಹರಣೆಗೆ ಜಪಾನ್, ಇಂಡೋನೇಷ್ಯಾ. ಇಷ್ಟು ಬರೆದರೆ ಅಂಕ ಬರುತ್ತದೆ, ಬರೆದದ್ದರಲ್ಲಿ ಸುಳ್ಳೂ ಇಲ್ಲ. ಆದರೆ ಸಿಂಧನೂರಿನ ಹುಡುಗ ಅದನ್ನು ಓದಿ ಮುಗಿಸಿ, 'ಇದು ನಮ್ಮ ಕಡೀದಲ್ಲ ಬಿಡ್ರಿ ಸರ್' ಎಂದರೆ ಅವನನ್ನು ದೂರುವಂತಿಲ್ಲ. ಭಾರತ ಫಲಕದ ಉತ್ತರದ ಅಂಚಾದ ಹಿಮಾಲಯ ಅವನ ಊರಿಂದ ಸುಮಾರು ಒಂದೂವರೆ ಸಾವಿರ ಕಿಲೋಮೀಟರ್ ದೂರ. ಸಾರಾಂಶ ಹೇಳುವುದು ಅಂಚಿನ ಮಾತು, ನಾವಿರುವುದು ನಡುವೆ. ನಡುವಿನ ಮಾತನ್ನು ಓದಬೇಕಾದರೆ ಲಿಂಗಸುಗೂರು, ಮಸ್ಕಿಗಳ ಕಲ್ಲನ್ನೇ ನೋಡಬೇಕು.

ಈ ಸೀಮೆಯಲ್ಲಿ ಹಟ್ಟಿಯಿಂದ ಮಸ್ಕಿಯ ಕಡೆಗೆ ಕರಿಯ ಕಲ್ಲಿನ ಒಂದು ಪಟ್ಟಿ ಹಾದುಹೋಗಿದೆ. ಭೂವಿಜ್ಞಾನಿಗಳು ಅದನ್ನು ಹಟ್ಟಿ–ಮಸ್ಕಿ ಶಿಲಾಪಟ್ಟಿ ಎನ್ನುತ್ತಾರೆ. ಅದರ ಸುತ್ತಲೂ ಇರುವುದು ಬಿಳಿ, ಗುಲಾಬಿ ಬಣ್ಣದ ಗ್ರಾನೈಟ್ ಮತ್ತು ನೈಸ್. ಚಿನ್ನ ಇರುವುದು ಕರಿಯ ಪಟ್ಟಿಯಲ್ಲಿ. 1915ರಲ್ಲಿ ನಿಜಾಮ್ ಸಂಸ್ಥಾನದ ಚಿನ್ನದ ಗಣಿ ಎಂಜಿನಿಯರ್ ಸಿ. ಬೀಡನ್ ಈ ಭಾಗದಲ್ಲಿ ಓಡಾಡುತ್ತಿದ್ದದ್ದೂ ಆ ಲೋಹದ ಜಾಡು ಹಿಡಿದೇ. ಮಸ್ಕಿಯ ಗುಡ್ಡದಲ್ಲಿ ಅವರ ಕಣ್ಣಿಗೆ ಬಿದ್ದದ್ದು ಮಾತ್ರ ಅಶೋಕನ ಹೆಸರನ್ನೇ ಹೇಳುವ ಶಾಸನ. ಶಾಸನದ ಚರಿತ್ರೆ ನಮಗೆಲ್ಲ ಬಾಯಿಪಾಠ. ಅವರು ಹುಡುಕಿ ಬಂದ ಕರಿಕಲ್ಲಿನ ಚರಿತ್ರೆಯನ್ನು ಕೇಳುವವರು ಕಡಿಮೆ.

ಎರಡು ಕಲ್ಲನ್ನು ಬೇರೆ ಮಾಡಿ ಗುರುತಿಸುವುದು ಕಷ್ಟವಲ್ಲ. ಭೂತಗನ್ನಡಿ ಒಂದಿದ್ದರೆ ಸಾಕು. ಹೊಸದಾಗಿ ಒಡೆದ ಮುಖವನ್ನೇ ನೋಡಬೇಕು, ಬಿಸಿಲು ಮಳೆ ತಿಂದ ಹೊರಮೈಯನ್ನಲ್ಲ. ಮಸ್ಕಿ ಗುಡ್ಡದ ಗ್ರಾನೈಟ್ ಕಲ್ಲಿನಲ್ಲಿ ಹರಳುಗಳು ಬರಿಗಣ್ಣಿಗೇ ಬಿಡಿಬಿಡಿಯಾಗಿ ಕಾಣುತ್ತವೆ: ಗಾಜಿನಂತೆ ಬೂದಿಬಣ್ಣದ ಬೆಣಚು, ಗುಲಾಬಿ ಅಥವಾ ಬಿಳಿಯ ಫೆಲ್ಡ್‌ಸ್ಪಾರ್, ಮಿನುಗುವ ಕರಿ ಅಭ್ರಕ. ಇಷ್ಟು ದಪ್ಪ ಹರಳು ಬೆಳೆಯಬೇಕಾದರೆ ಶಿಲಾಪಾಕ ನೆಲದೊಳಗೇ ನಿಂತು ನಿಧಾನ ಆರಿರಬೇಕು. ಹಟ್ಟಿ ಕಡೆಯ ಕರಿಕಲ್ಲು ಕೈಗೆ ಹೆಚ್ಚು ಭಾರ, ಹರಳು ಸಣ್ಣ, ಬಣ್ಣ ಹಸಿರು ಬೆರೆತ ಕಪ್ಪು. ಭೂತಗನ್ನಡಿಯಲ್ಲಿ ನೋಡಿದರೆ ಕರಿಯ ಸಣ್ಣ ಸೂಜಿಗಳು ಒಂದೇ ದಿಕ್ಕಿಗೆ ಮಲಗಿರುವುದು ಕಾಣುತ್ತದೆ. ಅವು ಹಾರ್ನ್‌ಬ್ಲೆಂಡ್ ಖನಿಜ. ಈ ಕಲ್ಲು ಹುಟ್ಟುವಾಗ ಬಸಾಲ್ಟ್, ಅಂದರೆ ಹರಿದು ಬಂದು ಬೇಗ ಆರಿದ ಲಾವಾ. ಆಮೇಲೆ ಆಳದ ಶಾಖ, ಒತ್ತಡಗಳಿಗೆ ಸಿಕ್ಕು ಹಾರ್ನ್‌ಬ್ಲೆಂಡ್ ಕಲ್ಲಾಗಿ ರೂಪಾಂತರಗೊಂಡಿತು. ಪೆಟ್ಟಿಗೆ ಪದರ ಪದರವಾಗಿ ಸೀಳುವುದು ಆ ಒತ್ತಡದ ಗುರುತು.

ಆ ಲಾವಾ ಹರಿದದ್ದು ನೆಲದ ಮೇಲಲ್ಲ, ನೀರಿನಡಿ. ಇದಕ್ಕೆ ಸಾಕ್ಷಿ ದಿಂಬು ಲಾವಾ. ಹಟ್ಟಿಯ ಶಿಲಾಪಟ್ಟಿಯಲ್ಲಿ ಅದು ದಾಖಲಾಗಿದೆ. ಚೆನ್ನಾಗಿ ಉಳಿದ ಮಾದರಿ ಬೇಕಿದ್ದರೆ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಗೆ ಹೋಗಬೇಕು. ಅಲ್ಲಿಯದನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಸಮುದ್ರದ ತಳದ ಬಿರುಕಿನಿಂದ ಹೊರಬಂದ ಲಾವಾಕ್ಕೆ ತಣ್ಣೀರು ತಗುಲಿದ ಕೂಡಲೇ ಹೊರಮೈ ಗಟ್ಟಿಯಾಗುತ್ತದೆ, ಒಳಗಿನದು ಬಿಸಿಯಾಗೇ ಇರುತ್ತದೆ. ಒಳಗಿನ ಒತ್ತಡಕ್ಕೆ ಸಿಪ್ಪೆ ಒಡೆದು ಮತ್ತೊಂದು ಉಂಡೆ ಹೊರಬರುತ್ತದೆ. ಹೀಗೆ ಉಂಡೆಯ ಮೇಲೆ ಉಂಡೆ ಕೂರುತ್ತ ಹೋಗುತ್ತದೆ. ಮೆತ್ತಗಿರುವಾಗಲೇ ಕೂತದ್ದರಿಂದ ಪ್ರತಿ ದಿಂಬಿನ ಮೇಲ್ಭಾಗ ಉಬ್ಬಿರುತ್ತದೆ, ಕೆಳಭಾಗ ಅಡಿಯ ಎರಡು ದಿಂಬುಗಳ ಸಂದಿಗೆ ಚೂಪಾಗಿ ಇಳಿದಿರುತ್ತದೆ. ಆ ಚೂಪು ತುದಿ ಯಾವ ಕಡೆಗಿದೆಯೋ ಅದೇ ಅಂದಿನ ಕೆಳಗು. ಪದರಗಳು ಮಡಿಕೆ ಬಿದ್ದು ತಲೆಕೆಳಗಾಗಿದ್ದರೂ ಇದನ್ನು ನೋಡಿ ಪತ್ತೆ ಹಚ್ಚಬಹುದು.

ಇಲ್ಲಿ ಹೊಸಬರು ಮೋಸ ಹೋಗುವುದು ಗುಂಡುಕಲ್ಲಿನ ವಿಷಯದಲ್ಲಿ. ಬಿರುಕಿನೊಳಗೆ ನೀರಿಳಿದು ಬಂಡೆಯ ಮೂಲೆಗಳು ಕೊಳೆತಾಗಲೂ ದುಂಡನೆಯ ಕಲ್ಲುಗಳಾಗುತ್ತವೆ. ಅವನ್ನು ದಿಂಬೆಂದು ಕರೆದುಬಿಡುತ್ತಾರೆ. ಕೊಳೆತು ದುಂಡಾದ ಕಲ್ಲಿನ ಹೊರಪದರ ಉಳ್ಳಾಗಡ್ಡಿ ಸಿಪ್ಪೆಯಂತೆ ಸುಲಿದು ಬರುತ್ತದೆ, ಮೆತ್ತಗೆ, ತುಕ್ಕುಬಣ್ಣವಾಗಿರುತ್ತದೆ. ದಿಂಬಿನ ಅಂಚು ಹಾಗಲ್ಲ. ಅದು ಒಳಭಾಗಕ್ಕಿಂತ ನುಣುಪು, ಗಟ್ಟಿ, ಪಕ್ಕದ ದಿಂಬಿನ ಆಕಾರಕ್ಕೆ ಸರಿಯಾಗಿ ಹೊಂದಿಕೊಂಡಿರುತ್ತದೆ. ಹಟ್ಟಿ ಪಟ್ಟಿಯಲ್ಲಿ ಇನ್ನೂ ಒಂದು ತೊಡಕಿದೆ. ಇಲ್ಲಿಯ ಕಲ್ಲು ಎಷ್ಟು ಜಗ್ಗಾಟಕ್ಕೆ ಸಿಕ್ಕಿದೆಯೆಂದರೆ ಎಷ್ಟೋ ಕಡೆ ದಿಂಬುಗಳು ಚಪ್ಪಟೆಯಾಗಿ ಉದ್ದಕ್ಕೆ ಎಳೆದುಕೊಂಡಿವೆ. ಅಂಥಲ್ಲಿ ಮೇಲು ಕೆಳಗು ಹೇಳಹೋಗಬಾರದು.

ಈ ಪಟ್ಟಿಯ ಜ್ವಾಲಾಮುಖಿ ಶಿಲೆಗಳಲ್ಲಿ ಕಾಲ ಅಳೆಯಲು ಸಿಕ್ಕಿದ ಜಿರ್ಕಾನ್ ಹರಳುಗಳ ವಯಸ್ಸು ಸುಮಾರು 260 ಕೋಟಿ ವರ್ಷ. ಪಟ್ಟಿಯ ಅಂಚಿನ ಕೆಲವು ಗ್ರಾನೈಟ್‌ಗಳದು ಸುಮಾರು 254 ಕೋಟಿ. ಅಷ್ಟು ಹಿಂದೆ ಈ ಸೀಮೆ ಫಲಕದ ಅಂಚೇ ಆಗಿತ್ತೇ? ಈ ಬಸಾಲ್ಟ್‌ಗಳ ರಾಸಾಯನಿಕ ಗುಣ ನೋಡಿ, ಒಂದು ಫಲಕ ಮತ್ತೊಂದರ ಕೆಳಗೆ ಇಳಿಯುವಾಗ ಹುಟ್ಟುವ ದ್ವೀಪಮಾಲೆಯ ಲಾವಾ ಇದು ಎನ್ನುವವರಿದ್ದಾರೆ. ಆಗ ಭೂಮಿ ಇನ್ನೂ ಬಿಸಿಯಾಗಿತ್ತು, ಇಂದಿನಂಥ ಫಲಕ ಚಲನೆ ಇತ್ತೆನ್ನಲಾಗದು, ಆಳದಿಂದ ಮೇಲೆದ್ದ ಬಿಸಿ ಶಿಲಾಸ್ತಂಭವೇ ಕಾರಣ ಎನ್ನುವವರೂ ಇದ್ದಾರೆ. ವಾದ ಇನ್ನೂ ನಡೆದಿದೆ. ಪಠ್ಯದ ಮೂರು ಬಗೆಯ ಅಂಚುಗಳನ್ನು ಇಷ್ಟು ಹಳೆಯ ಕಲ್ಲಿಗೆ ನೇರವಾಗಿ ಹಚ್ಚುವ ಮುಂಚೆ ಇದನ್ನು ನೆನಪಿಡಬೇಕು.

ಹಟ್ಟಿಯ ಚಿನ್ನ ಭೂಕಂಪದ ಪಾಠವನ್ನೂ ಹೇಳುತ್ತದೆ. ಅದು ಕರಿಕಲ್ಲಿನ ತುಂಬ ಹರಡಿಲ್ಲ. ಕಲ್ಲು ಕತ್ತರಿಸಿ ಜಾರಿದ ಕಡಿದಾದ ವಲಯಗಳಲ್ಲಿ, ಬೆಣಚಿನ ನಾಳಗಳಲ್ಲೂ ಅವುಗಳ ಮಗ್ಗುಲಿನ ಕಲ್ಲಿನಲ್ಲೂ ಕೂತಿದೆ. ನಾಳವನ್ನು ಅಡ್ಡ ಕತ್ತರಿಸಿ ನೋಡಿದರೆ ಕೆಲವು ಕಡೆ ಬಿಳಿಯ ಬೆಣಚಿನ ನಡುವೆ ಕರಿಯ ತೆಳು ಎಳೆಗಳು ಸಾಲಾಗಿ ಕಾಣುತ್ತವೆ. ನಾಳ ಒಂದೇ ಸಲ ತುಂಬಿದ್ದರೆ ಈ ಸಾಲು ಇರುತ್ತಿರಲಿಲ್ಲ. ಆಳದಲ್ಲಿ ಬಿಸಿನೀರು ಮುಚ್ಚಿದ ಸ್ತರಭಂಗದ ಕೆಳಗೆ ಸೇರಿ ಒತ್ತಡ ಏರುತ್ತದೆ. ಒಂದು ಮಟ್ಟ ಮೀರಿದಾಗ ಕಲ್ಲು ತಟ್ಟನೆ ಜಾರಿ ಬಿರುಕು ಬಿಡುತ್ತದೆ. ಆ ಜಾರುವಿಕೆಯೇ ಭೂಕಂಪ. ನೀರು ಬಿರುಕಿಗೆ ನುಗ್ಗಿದ ಕೂಡಲೇ ಒತ್ತಡ ಕುಸಿದು, ಅದರಲ್ಲಿ ಕರಗಿದ್ದ ಬೆಣಚು, ಚಿನ್ನ ಗಟ್ಟಿಯಾಗಿ ಉಳಿಯುತ್ತವೆ. ಬಿರುಕು ಮುಚ್ಚುತ್ತದೆ, ಮತ್ತೆ ಒತ್ತಡ ಏರುತ್ತದೆ. ಹೀಗೆ ಒಡೆದು ಮುಚ್ಚಿದ ಸರದಿಗಳನ್ನು ಆ ಎಳೆಗಳು ತೋರಿಸುತ್ತವೆ ಎಂಬುದು ಇಂಥ ನಾಳಗಳಿಗೆ ಭೂವಿಜ್ಞಾನಿಗಳು ಕೊಡುವ ವಿವರಣೆ.

ಇದೆಲ್ಲ ತೀರಿಹೋದ ಕಾಲದ್ದಾಯಿತು. ಈಗ ನಡುವಿನ ನೆಲ ಗಟ್ಟಿಯಾಗಿದೆ, ತಣ್ಣಗಿದೆ, ದಪ್ಪಗಿದೆ. ಅದರಡಿ ಕಲ್ಲು ಕರಗುವ ಕಾರಣವಿಲ್ಲ, ಆದ್ದರಿಂದ ಜ್ವಾಲಾಮುಖಿಯ ಭಯವೂ ಇಲ್ಲ. ಆದರೆ ಭೂಕಂಪವೂ ಇಲ್ಲವೆಂದುಕೊಂಡರೆ ತಪ್ಪಾಗುತ್ತದೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ನಾಲ್ಕು ಗಂಟೆಗೆ ಸ್ವಲ್ಪ ಮುಂಚೆ, ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿ ನಡುಗಿತು. ಪ್ರಮಾಣ 6.2. ಸತ್ತವರು ಹತ್ತು ಸಾವಿರದ ಹತ್ತಿರ. ಸಿಂಧನೂರಿಂದ ಕಿಲ್ಲಾರಿಗೆ ನೇರ ಗೆರೆಯಲ್ಲಿ ಸುಮಾರು 250 ಕಿಲೋಮೀಟರ್.

ಈ ದೂರದಿಂದಲೇ ಒಂದು ಲೆಕ್ಕ ಮಾಡಬಹುದು. ಪ್ರಾಥಮಿಕ ಅಲೆ ಹೊರಚಿಪ್ಪಿನಲ್ಲಿ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಓಡುತ್ತದೆ, ದ್ವಿತೀಯಕ ಅಲೆ ಸುಮಾರು 3.5. ಕಿಲ್ಲಾರಿಯಿಂದ ಹೊರಟ ಮೊದಲನೆಯದು ಸಿಂಧನೂರಿಗೆ ಬರಲು 42 ಸೆಕೆಂಡು, ಎರಡನೆಯದು ಬರಲು 71 ಸೆಕೆಂಡು. ನಡುವಿನ ಅಂತರ 30 ಸೆಕೆಂಡಿಗೆ ತುಸು ಕಡಿಮೆ. ಭೂಕಂಪ ಮಾಪನ ಕೇಂದ್ರದವರು ಮಾಡುವುದು ಇದನ್ನೇ ತಿರುವಿ: ಎರಡು ಅಲೆಗಳ ಅಂತರವನ್ನು ಸೆಕೆಂಡಿನಲ್ಲಿ ಅಳೆದು ಸುಮಾರು 8ರಿಂದ ಗುಣಿಸಿದರೆ ದೂರ ಕಿಲೋಮೀಟರ್‌ನಲ್ಲಿ ಸಿಗುತ್ತದೆ. ಒಂದೇ ಕೇಂದ್ರದ ಅಂತರದಿಂದ ದೂರ ಗೊತ್ತಾಗುತ್ತದೆಯೇ ಹೊರತು ದಿಕ್ಕಲ್ಲ. ಮೂರು ಕೇಂದ್ರಗಳಿಂದ ವೃತ್ತ ಎಳೆದು ಅವು ಕೂಡುವ ಜಾಗ ನೋಡಬೇಕು.

ಕಿಲ್ಲಾರಿಯ ನೆಲ ದಖ್ಖನ್ನಿನ ಬಸಾಲ್ಟ್. ಹಾಗಾಗಿ ಹಳೆಯ ಜ್ವಾಲಾಮುಖಿ ಮತ್ತೆ ಎದ್ದಿತೆಂಬ ಸುದ್ದಿ ಹರಡುವುದು ಸಹಜ. ಅಲ್ಲಿ ಕೊರೆದ ಕೊಳವೆ ಬೇರೆಯದನ್ನು ಹೇಳಿತು. ಬಸಾಲ್ಟ್ ಇದ್ದದ್ದು ಸುಮಾರು 338 ಮೀಟರ್ ಮಾತ್ರ. ಅದರಡಿ ತೆಳುವಾದ ಒಂದು ಕೆಸರುಗಲ್ಲಿನ ಪದರ, ಆಮೇಲೆ ನೈಸ್, ಅಂದರೆ ನಮ್ಮ ಸೀಮೆಯಲ್ಲಿ ಬಯಲಿಗೆ ಬಂದಿರುವ ಜಾತಿಯ ಹಳೆಯ ಕಲ್ಲು. ಭೂಕಂಪದ ಮೂಲ ಲಾವಾದಲ್ಲಲ್ಲ, ಅದರ ಕೆಳಗಿನ ಈ ಹಳೆಯ ಕಲ್ಲಿನಲ್ಲಿ ಇತ್ತು. ಭಾರತ ಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಉತ್ತರಕ್ಕೆ ಸರಿದು ಹಿಮಾಲಯವನ್ನು ಒತ್ತುತ್ತಿದೆ. ಆ ಒತ್ತಡ ಅಂಚಿನಲ್ಲೇ ಮುಗಿಯುವುದಿಲ್ಲ, ಫಲಕದುದ್ದಕ್ಕೂ ಹಿಂದಕ್ಕೆ ಹಾಯುತ್ತದೆ. ಗಟ್ಟಿ ಭಾಗ ತಾಳುತ್ತದೆ, ಹಳೆಯ ಬಿರುಕಿರುವ ಕಡೆ ಎಂದೋ ಒಮ್ಮೆ ಜಾರುತ್ತದೆ. ಅಂಚಿನಲ್ಲಿ ಪದೇಪದೇ ಆಗುವುದು ನಡುವೆ ಅಪರೂಪ. ಅಪರೂಪವಾದ್ದರಿಂದಲೇ ಯಾರೂ ಸಿದ್ಧರಾಗಿರುವುದಿಲ್ಲ. 1993ರಲ್ಲಿ ಕಿಲ್ಲಾರಿ ಇದ್ದದ್ದು ದೇಶದ ಭೂಕಂಪ ನಕ್ಷೆಯ ಒಂದನೇ ವಲಯದಲ್ಲಿ, ಅಂದರೆ ಅತಿ ಕಡಿಮೆ ಅಪಾಯದ ವಲಯದಲ್ಲಿ. 2002ರ ನಕ್ಷೆಯಲ್ಲಿ ಒಂದನೇ ವಲಯವನ್ನೇ ತೆಗೆದುಹಾಕಿದರು.

6.2 ಪ್ರಮಾಣಕ್ಕೆ ಅಷ್ಟು ಜನ ಸಾಯಬೇಕಾಗಿರಲಿಲ್ಲ. ಕಂಪನದ ಮೂಲ ಆಳವಾಗಿರಲಿಲ್ಲ, ಜನ ಮಲಗಿದ್ದರು, ಎಲ್ಲಕ್ಕಿಂತ ಮಿಗಿಲಾಗಿ ಮನೆಗಳು ಹಾಗಿದ್ದವು. ಮಣ್ಣಿನ ಗಾರೆಯ ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಇಂಥ ಗೋಡೆಗೆ ಒಳಮುಖ, ಹೊರಮುಖ ಬೇರೆ ಬೇರೆ, ನಡುವೆ ತುಂಬಿದ್ದು ಚೂರುಗಲ್ಲು, ಮಣ್ಣು. ನೆಲ ಅಲುಗಿದಾಗ ಎರಡು ಮುಖಗಳು ಬೇರ್ಪಟ್ಟು ಹೊರಕ್ಕೆ ಉಬ್ಬುತ್ತವೆ, ಮಾಳಿಗೆಯ ಮಣ್ಣೆಲ್ಲ ಒಳಗೆ ಮಲಗಿದವರ ಮೇಲೆ ಬೀಳುತ್ತದೆ. ಲಿಂಗಸುಗೂರು, ಮಸ್ಕಿಯ ಹಳ್ಳಿಗಳಲ್ಲಿ ಈ ಜಾತಿಯ ಮನೆಗಳು ಇನ್ನೂ ಇವೆ.

ಹಾಗಾಗಿ ಸಾರಾಂಶದ ಹಾಳೆಯ ಕೊನೆಗೆ ಎರಡು ಸಾಲು ಸೇರಿಸಿಕೊಳ್ಳಿ. ಫಲಕದ ನಡುವೆಯೂ ಹಳೆಯ ಬಿರುಕುಗಳಲ್ಲಿ ಭೂಕಂಪ ಆಗಬಹುದು. ಅದು ಯಾವಾಗ ಎಂದು ಯಾರೂ ಮುಂಚಿತವಾಗಿ ಹೇಳಲಾರರು. ಮಾಳಿಗೆ ಮನೆಯವರು ಪ್ರತಿ ಮಳೆಗಾಲದ ಮುಂಚೆ ಸೋರದಿರಲೆಂದು ಹೊಸ ಮಣ್ಣು ಹಾಕುವಾಗ ಹಳೆಯದನ್ನು ತೆಗೆದೇ ಹಾಕಿ, ಭಾರ ಏರಿಸಬೇಡಿ. ಕಲ್ಲಿನ ಗೋಡೆ ಹೊಸದಾಗಿ ಕಟ್ಟಿಸುವವರು ಒಳಮುಖದಿಂದ ಹೊರಮುಖದವರೆಗೆ ಮುಟ್ಟುವ ಉದ್ದನೆಯ ಕಲ್ಲುಗಳನ್ನು ನಡುನಡುವೆ ಇಡಿಸಿ, ಬಾಗಿಲ ಮೇಲಿನ ಮಟ್ಟದಲ್ಲಿ ಸುತ್ತಲೂ ಕಾಂಕ್ರೀಟಿನ ಪಟ್ಟಿ ಹಾಕಿಸಿ.