ಬಾಣದ ಗುಂಡಿ ಒತ್ತುತ್ತಾ ಹದಿನಾರು ಅಕ್ಷರ

ಅಕ್ಕನ ಮನೆಗೆ ಹೊಸ ಟಿವಿ ಬಂತು. ವೈಫೈಗೆ ಸೇರಿಸೋ ಕೆಲಸ ನನ್ನ ಪಾಲಿಗೆ. ರೂಟರ್ ತಳದ ಚೀಟಿಯಲ್ಲಿ ಹದಿನಾರು ಅಕ್ಷರದ ಪಾಸ್‌ವರ್ಡ್: ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ, ನಡುವೆ ಒಂದು #.

ಟಿವಿ ಪರದೆಯ ಕೀಬೋರ್ಡ್ ಮಾಡಿದವರು ಒಮ್ಮೆಯಾದರೂ ಅದರಲ್ಲಿ ಇಂಥದ್ದನ್ನು ಬರೆದು ನೋಡಿದ್ದಾರಾ ಅಂತ ನನಗೆ ಅನುಮಾನ. a ಇಂದ l ಗೆ ಹೋಗಲು ಬಲಬಾಣ ಎಂಟು ಸಲ, ಆಮೇಲೆ ಓಕೆ. ದೊಡ್ಡಕ್ಷರ ಬೇಕಾದರೆ ಶಿಫ್ಟ್ ತನಕ ನಡೆದು, ಒತ್ತಿ, ಮತ್ತೆ ವಾಪಸ್. # ಗೆ ಬೇರೆ ಪುಟ. ಇಷ್ಟೆಲ್ಲ ಮಾಡಿದರೂ ಕಾಣೋದು ಬರೀ ಚುಕ್ಕೆಗಳು. ಮನೆಯವರಷ್ಟೇ ಕೂತಿರೋ ಹಜಾರದಲ್ಲಿ ಯಾರಿಂದ ಮುಚ್ಚಿಡೋದು? ಆ ಟಿವಿಯಲ್ಲಿ ಅಕ್ಷರ ತೋರಿಸೋ ಕಣ್ಣಿನ ಗುರುತೂ ಇರಲಿಲ್ಲ.

ಮೂರು ಸಲ ತಪ್ಪಾಯ್ತು. "ಟಿವೀನೇ ಸರಿಯಿಲ್ವೇನೋ, ವಾಪಸ್ ಕೊಡೋಣ್ವಾ?" ಅಂದಳು ಅಕ್ಕ. ಅದಕ್ಕೆ ಮುಂಚೆ ಒಂದು ಪರೀಕ್ಷೆ ಮಾಡಿದೆ. ನನ್ನ ಫೋನು ಆ ಜಾಲಕ್ಕೆ ಹೊಸದು. ಅದೇ ಚೀಟಿ ನೋಡಿ ಅದರಲ್ಲಿ ಬರೆದೆ, ಕಣ್ಣಿನ ಗುರುತು ಒತ್ತಿಕೊಂಡೇ. ಅದೂ ಸೇರಲಿಲ್ಲ. ಅಂದರೆ ತಪ್ಪು ಟಿವಿಯದಲ್ಲ, ಓದಿದ್ದರದು. ನಾನು ಸೊನ್ನೆ ಅಂದುಕೊಂಡದ್ದು O ಅಕ್ಷರ. ಅದನ್ನು ಬದಲಿಸಿದೆ, ಫೋನು ಸೇರಿತು. ಫೋನಿನಲ್ಲಿ ಸರಿಹೋದದ್ದು ಟಿವಿಯಲ್ಲಿ ಹೋಗದಿದ್ದರೆ ಮಾತ್ರ ಟಿವಿಯನ್ನು ಅನುಮಾನಿಸಬೇಕು.

ನಾಲ್ಕನೇ ಸಲ ಬಾಣ ಒತ್ತೋ ತಾಳ್ಮೆ ಇರಲಿಲ್ಲ. ಭಾವನ ಕಂಪ್ಯೂಟರಿನ ತಂತಿ ಕೀಬೋರ್ಡ್ ಕಿತ್ತು ತಂದು ಟಿವಿಯ ಯುಎಸ್‌ಬಿ ಕಿಂಡಿಗೆ ಚುಚ್ಚಿದೆ. ಅದರ ಬಾಣದ ಕೀಲಿ ಒತ್ತಿದಾಗ ಪರದೆಯ ಮೇಲಿನ ಆಯ್ಕೆ ಕದಲಿದರೆ ಟಿವಿ ಅದನ್ನು ಒಪ್ಪಿಕೊಂಡಿದೆ ಅಂತ ಅರ್ಥ. ಕದಲಿತು. ಅರ್ಧ ನಿಮಿಷದಲ್ಲಿ ಕೆಲಸ ಮುಗೀತು. ಕೆಲವು ಟಿವಿಗಳ ಕಿಂಡಿ ಪೆನ್‌ಡ್ರೈವಿಗೆ ಮಾತ್ರ ಬಗ್ಗುತ್ತದೆ, ಅಲ್ಲಿ ಈ ಉಪಾಯ ನಡೆಯೋಲ್ಲ.

ನನ್ನ ತಕರಾರು ಚೀಟಿಯ ಮೇಲೂ ಇದೆ. ಡಬ್ಲ್ಯುಪಿಎ2 ಪಾಸ್‌ವರ್ಡ್ 8ರಿಂದ 63 ಅಕ್ಷರದವರೆಗೆ ಇರಬಹುದು. ಕಣ್ಣುಮುಚ್ಚಿ ಆರಿಸಿದ 20 ಚಿಕ್ಕಕ್ಷರಗಳು, ಎಲ್ಲ ಚಿಹ್ನೆ ಬೆರೆಸಿದ 12 ಅಕ್ಷರಗಳಿಗಿಂತ ಗಟ್ಟಿ. ಬರೆಯುವಾಗ ಶಿಫ್ಟಿಗೂ ಹೋಗಬೇಕಿಲ್ಲ, ಪುಟವೂ ತಿರುಗಿಸಬೇಕಿಲ್ಲ. ಮಗಳ ಹೆಸರು, ಊರ ಹೆಸರು ಸೇರಿಸಿ ಇಪ್ಪತ್ತು ಮಾಡಿದರೆ ಈ ಲೆಕ್ಕ ನಿಲ್ಲೋಲ್ಲ, ಅದು ಬೇರೆ ಮಾತು. ಹಾಗೆ ಬದಲಿಸಿದರೆ ಮನೆಯ ಎಲ್ಲ ಫೋನುಗಳನ್ನೂ ಮತ್ತೆ ಸೇರಿಸಬೇಕು. ಅದು ಬೇಡವೆಂದರೆ ರೂಟರಿನ ಗೆಸ್ಟ್ ಜಾಲಕ್ಕೆ ಅಂಥ ಪಾಸ್‌ವರ್ಡ್ ಕೊಟ್ಟು ಟಿವಿಯನ್ನು ಅಲ್ಲಿ ಕೂರಿಸಬಹುದು. ಆಗ ಫೋನಿನ ಫೋಟೋವನ್ನು ಟಿವಿಗೆ ಎಸೆಯೋದು ಸಾಮಾನ್ಯವಾಗಿ ಆಗೋಲ್ಲ, ಎರಡೂ ಬೇರೆ ಬೇರೆ ಜಾಲದಲ್ಲಿರುತ್ತವಲ್ಲ.

ಅಕ್ಕನಿಗೆ ಫೋಟೋನೇ ಮುಖ್ಯ. ಹಾಗಾಗಿ ಹಳೇ ಪಾಸ್‌ವರ್ಡೇ ಉಳಿಯಿತು. ಚೀಟಿಯಲ್ಲಿನ ಆ O ಸುತ್ತ ಪೆನ್ನಿನಲ್ಲಿ ಗೆರೆ ಎಳೆದು ಬಂದೆ.